ಎರಡು ಕಡೆಯ ಸಂಚಕಾರ

ಹೋದ ಜೂನ್‌ನಲ್ಲಿ ನಲವತ್ತಾರು ಮಕ್ಕಳ ಹೆಸರು ನೋಂದಣಿಯಾಗಿತ್ತು. ಜುಲೈಯಲ್ಲಿ ಬಂದು ಬೆಂಚಿನ ಮೇಲೆ ಕುಳಿತವರು ಇಪ್ಪತ್ತೊಂದು. ಉಳಿದವರು ಎಲ್ಲಿ ಹೋದರು ಎಂಬುದು ಶೈಲಶ್ರೀಗೆ ವರ್ಷವಿಡೀ ಬಗೆಹರಿಯಲಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಅವಳು. ಅರ್ಧಕ್ಕಿಂತ ಹೆಚ್ಚು ತಪ್ಪುವ ಅಂದಾಜನ್ನು ಅವಳು ಅಂದಾಜೆಂದು ಕರೆಯುತ್ತಿರಲಿಲ್ಲ. ಅಳೆಯುವ ಸಲಕರಣೆಯೇ ಕೆಟ್ಟಿದೆ ಎಂದುಕೊಳ್ಳುತ್ತಿದ್ದಳು.

ಬೈಲಹೊಂಗಲದ ಮಾರ್ಕೆಟ್ ರಸ್ತೆಯಲ್ಲಿ ಬೀಜ-ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ‘ತ್ರಿಜ್ಯ ಕ್ಲಾಸಸ್’ ಇತ್ತು. ಭೌತಶಾಸ್ತ್ರ ಅವಳದು, ರಸಾಯನಶಾಸ್ತ್ರ ಪಾಲುದಾರ ಶಾನವಾಜನದು. ಪಿಯುಸಿ ಮುಗಿಸಿ, ನೀಟ್‌ನಲ್ಲಿ ಸಾಕಷ್ಟು ಅಂಕ ಬಾರದೆ, ಇನ್ನೊಂದು ವರ್ಷ ಓದಿ ಮತ್ತೆ ಪರೀಕ್ಷೆ ಬರೆಯುವ ಮಕ್ಕಳಿಗಾಗಿ ಹೋದ ವರ್ಷ ರಿಪೀಟರ್ಸ್ ಬ್ಯಾಚ್ ತೆರೆದಿದ್ದರು. ನಲವತ್ತಾರನ್ನು ನಂಬಿ ಪಕ್ಕದ ಹಾಲ್ ಬಾಡಿಗೆಗೆ ಹಿಡಿದರು, ಬೆಂಚು ಮಾಡಿಸಿದರು. ಕುಳಿತ ಇಪ್ಪತ್ತೊಂದರಲ್ಲೂ ಕೆಲವರು ಸೆಪ್ಟೆಂಬರ್‌ನಲ್ಲಿ ಕೃಷಿ ಪದವಿಯ ಸೀಟೋ ನರ್ಸಿಂಗ್ ಸೀಟೋ ಸಿಕ್ಕು ಹೊರಟುಹೋದರು. ಕೊನೆಯ ನಾಲ್ಕು ತಿಂಗಳು ಪಾಲುದಾರರಿಬ್ಬರಿಗೂ ಸಂಬಳ ಇರಲಿಲ್ಲ. ಜೀವಶಾಸ್ತ್ರ ಕಲಿಸುತ್ತಿದ್ದ ಸ್ನೇಹಲ್‌ಗೆ ಮಾತ್ರ ತಡವಾಗಿಯಾದರೂ ಪೂರ್ತಿ ಕೊಟ್ಟಿದ್ದರು.

ಈ ವರ್ಷ ಸ್ನೇಹಲ್ ನೇರವಾಗಿ ಕೇಳಿದ್ದಳು. ಹುಬ್ಬಳ್ಳಿಯ ಕಾಲೇಜೊಂದು ಅವಳನ್ನು ಕರೆದಿತ್ತು.

“ಮೇಡಂ, ನನಗ ಇಲ್ಲೇ ಚಲೋ. ಆದ್ರ ಹೋದ ವರ್ಷದಂಗ ಮಾರ್ಚ್ ಪಗಾರ ಮೇದಾಗ ಬಂದ್ರ ನನ್ನ ಕಡಿಂದ ಆಗೂದಿಲ್ರಿ. ಹತ್ತು ತಿಂಗಳದ್ದು ಗ್ಯಾರಂಟಿ ಐತೇನು ಅನ್ನೂದು ಈ ತಿಂಗಳ ಕಡೀ ಸೋಮವಾರದೊಳಗ ಹೇಳ್ರಿ.”

ಜೀವಶಾಸ್ತ್ರಕ್ಕೆ ಒಳ್ಳೆಯ ಶಿಕ್ಷಕರಿಲ್ಲದೆ ನೀಟ್ ಬ್ಯಾಚ್ ಇಲ್ಲ. ನೀಟ್ ಬ್ಯಾಚ್ ಇಲ್ಲದಿದ್ದರೆ ತ್ರಿಜ್ಯ ಮತ್ತೆ ಸಂಜೆಯ ಟ್ಯೂಷನ್ ಮಟ್ಟಕ್ಕೆ ಇಳಿಯುತ್ತದೆ. ಕಿತ್ತೂರು, ಸವದತ್ತಿ, ರಾಮದುರ್ಗದ ಮಕ್ಕಳು ಎಂದಿನಂತೆ ಧಾರವಾಡದ ಬಸ್ ಹತ್ತುತ್ತಾರೆ. ಖರ್ಚಿನ ಲೆಕ್ಕವನ್ನು ಶೈಲಶ್ರೀ ಮೂರು ಸಲ ಮಾಡಿದ್ದಳು. ಒಬ್ಬರಿಗೆ ನಲವತ್ತೆಂಟು ಸಾವಿರ ಶುಲ್ಕ. ಇಪ್ಪತ್ತೆಂಟು ಮಕ್ಕಳು ಏಪ್ರಿಲ್‌ವರೆಗೆ ಉಳಿದರೆ ಖರ್ಚು ಸರಿದೂಗುತ್ತದೆ. ನಡುವೆ ಬಿಡುವವರನ್ನು ಲೆಕ್ಕಕ್ಕೆ ಹಿಡಿದರೆ ಕನಿಷ್ಠ ಮೂವತ್ತು ಮಂದಿ ಖರೆಯಾಗಿ ಬಂದು ಕುಳಿತುಕೊಳ್ಳಬೇಕು. ಹೆಸರು ಹಚ್ಚಿದವರಲ್ಲ, ಕುಳಿತವರು.

ಪಾಲಕರ ಸಭೆಯ ಹಿಂದಿನ ದಿನ ಶಾನವಾಜ ತನ್ನ ದಾರಿ ಹೇಳಿದ.

“ಧಾರವಾಡದವ್ರು ಮಾಡಿದಂಗ ಮಾಡೂಣು ಮೇಡಂ. ಪೂರ್ತಿ ಫೀ ಮೊದಲ. ಐದು ಸಾವಿರ ಸೂಟ್, ಅಷ್ಟು ಕಡಿಮಿ ಕೊಟ್ಟ್ರ ಸಾಕು. ಪಾವತಿ ಚೀಟಿ ಕೆಳಗ ಒಂದ ಸಾಲು, ‘ಕಟ್ಟಿದ ಹಣ ಮರಳಿಸುವುದಿಲ್ಲ.’ ಮುಗೀತು.”

“ಜೂನ್‌ದಾಗ ಬಿತ್ತಿಗಿ ಹೊತ್ತಿನ್ಯಾಗ ಯಾರ ಕಡೆ ಅಷ್ಟು ರೊಕ್ಕ ಇರತೈತ್ರಿ ಸರ್? ಇದ್ದವ್ರು ನಮ್ಮ ಕಡೆ ಯಾಕ ಬರತಾರ, ಧಾರವಾಡಕ್ಕ ಹೋಗತಾರ. ಮತ್ತ ಆ ಒಂದ ಸಾಲು ಐತಲ್ಲ, ಅದು ಗ್ರಾಹಕರ ಆಯೋಗದಾಗ ನಿಲ್ಲೂದಿಲ್ಲ. ಕೋಚಿಂಗ್ ಕ್ಲಾಸಿಗೆ ಕೇಂದ್ರ ಸರಕಾರದ ಮಾರ್ಗಸೂಚಿ ಬಂದು ಎಷ್ಟ ದಿನಾತು? ನಡುವ ಬಿಟ್ಟ್ರ ಉಳಿದ ಅವಧಿದು ಹತ್ತು ದಿನದಾಗ ಮರಳಿಸಬೇಕು.”

“ಮಾರ್ಗಸೂಚಿ ಯಾರ ಓದ್ಯಾರ ಇಲ್ಲೆ?”

“ನಾ ಓದೇನಲ್ಲ.”

ಶಾನವಾಜ ನಕ್ಕ. ಅವಳೊಡನೆ ಆರು ವರ್ಷ ಕೆಲಸ ಮಾಡಿದವನಿಗೆ ಆ ಉತ್ತರದ ಮುಂದೆ ವಾದವಿಲ್ಲವೆಂದು ಗೊತ್ತಿತ್ತು. ಆದರೂ ನೋಂದಣಿಗೆ ಹೋದ ವರ್ಷದಂತೆ ಐನೂರೇ ಇರಲಿ, ಹೆಚ್ಚು ಮಾಡಿದರೆ ಜನ ಮೆಟ್ಟಿಲಲ್ಲೇ ತಿರುಗುತ್ತಾರೆ ಎಂದ. ಅದಕ್ಕೆ ಅವಳು ಒಪ್ಪಿದಳು.

ಭಾನುವಾರ ಪಾಲಕರು ಬಂದರು. ದೊಡವಾಡ, ಮುನವಳ್ಳಿ, ಕಿತ್ತೂರು, ರಾಮದುರ್ಗ. ಗಂಡಸರು ಹಿಂದಿನ ಬೆಂಚು, ಹೆಂಗಸರು ಕಿಟಕಿಯ ಪಕ್ಕ, ಮಕ್ಕಳು ಗೋಡೆಗೆ ಒರಗಿ. ಶೈಲಶ್ರೀ ಬೋರ್ಡಿನ ಮೇಲೆ ಒಟ್ಟು ಶುಲ್ಕ ಬರೆದು, ಯಾವುದಕ್ಕೆ ಎಷ್ಟು ಹೋಗುತ್ತದೆಂದು ವಿವರಿಸಿದಳು. ತಲೆಗಳು ಆಡಿದವು. ಯಾರೂ ಚೌಕಾಶಿಗೆ ಇಳಿಯಲಿಲ್ಲ. ಅವಳಿಗೆ ಅದೇ ವಿಚಿತ್ರ ಅನ್ನಿಸಿತು. ಈ ಸೀಮೆಯಲ್ಲಿ ಬದನೆಕಾಯಿಗೂ ಚೌಕಾಶಿ ಮಾಡದೆ ಯಾರೂ ಕೈಚೀಲ ಬಿಚ್ಚುವುದಿಲ್ಲ.

ಮುನವಳ್ಳಿಯ ನಿಜಗುಣಪ್ಪ ಎದ್ದು ನಿಂತ. ದನಗಳ ವ್ಯಾಪಾರವೂ ಕಾಳಿನ ವ್ಯಾಪಾರವೂ ಇದ್ದ ಮನುಷ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ, ದನಿಯಲ್ಲಿ ಸಂತೆಯ ಎತ್ತರ.

“ಬಾಯಾರ, ಅದೆಲ್ಲಾ ಬರೋಬ್ಬರಿ ಐತಿ. ಸಂಚಕಾರ ಎಷ್ಟು ಹಿಡೀತೀರಿ ಹೇಳ್ರಿ, ಕೊಟ್ಟು ಹೋಗತೇನಿ. ಗಾಡಿ ನಿಂತೈತಿ.”

ವ್ಯಾಪಾರ ಗಟ್ಟಿಯಾಯಿತೆಂದು ಕೊಳ್ಳುವವನು ಮುಂಗಡ ಕೊಡುವ ಹಣವೇ ಸಂಚಕಾರ. ಶೈಲಶ್ರೀಯ ತಂದೆ ಬಸಲಿಂಗಪ್ಪ ದೊಡವಾಡದಲ್ಲಿ ಎಮ್ಮೆ ಕೊಂಡಾಗಲೆಲ್ಲ ಅವಳು ಅದನ್ನು ನೋಡಿದ್ದಳು. ಕೊಳ್ಳುವವನು ಹಿಂದೆ ಸರಿದರೆ ಸಂಚಕಾರ ಬಿಟ್ಟ. ಮಾರುವವನು ಮಾತು ಮುರಿದರೆ ಎರಡರಷ್ಟು ಎಣಿಸಿ ಕೊಡಬೇಕು. ಆದರೆ ತನ್ನ ನೋಂದಣಿ ಶುಲ್ಕವನ್ನು ಯಾರಾದರೂ ಹಾಗೆ ಕರೆದಾರೆಂದು ಅವಳು ಯೋಚಿಸಿರಲಿಲ್ಲ.

“ಐನೂರು ಕಾಕಾ,” ಎಂದ ಶಾನವಾಜ, ಪಾವತಿ ಪುಸ್ತಕ ತೆಗೆಯುತ್ತ.

“ಐನೂರು ಅಷ್ಟ? ಧಾರವಾಡದಾಗ ಎರಡು ಸಾವಿರ ತೊಗೊಂಡ್ರು. ನೀವ ಸಸ್ತಾ.”

ಶೈಲಶ್ರೀಯ ಕೈಯಲ್ಲಿದ್ದ ಪೆನ್ನು ನಿಂತಿತು. “ಧಾರವಾಡದಾಗೂ ಕೊಟ್ಟೀರೇನು ಕಾಕಾ?”

“ಧಾರವಾಡದಾಗ ಕೊಟ್ಟೇನಿ, ಬೆಳಗಾವಿಯಾಗೂ ಕೊಟ್ಟೇನಿ. ಇಲ್ಲೂ ಒಂದು ಇರ್ಲಿ. ಜುಲೈದಾಗ ಎಲ್ಲಿ ಮನಸ್ಸಾಕ್ಕೈತಿ ಅಲ್ಲಿ ಕುಂದ್ರಸೂದು.”

“ಹೆಣ್ಮಕ್ಕಳು ಎಷ್ಟು ಮಂದಿ ನಿಮಗ?”

“ಒಬ್ಬಾಕೀರಿ. ಇಕೀ, ಮಧು.” ಗೋಡೆಗೆ ಒರಗಿದ್ದ ಹುಡುಗಿ ನೆಲ ನೋಡಿದಳು.

“ಒಬ್ಬಾಕಿಗೆ ಮೂರು ಬೆಂಚು?”

ಸಭೆ ನಕ್ಕಿತು. ನಿಜಗುಣಪ್ಪನೂ ನಕ್ಕ. ನಾಚಿಕೆಪಡುವಂಥದ್ದೇನೂ ಅವನಿಗೆ ಅದರಲ್ಲಿ ಕಾಣಲಿಲ್ಲ.

“ಕಾಕಾ, ನೀವು ದನದ ಪ್ಯಾಟ್ಯಾಗ ಮೂರು ಎಮ್ಮಿಗೆ ಸಂಚಕಾರ ಕೊಟ್ಟು ಒಂದ ಎಮ್ಮಿ ಹೊಡಕೊಂಡು ಬರತೀರೇನು?”

“ಅಲ್ರೀ ಬಾಯಾರ, ಐನೂರು ರೂಪಾಯಿ ಸಂಚಕಾರಕ್ಕ ಎಮ್ಮಿ ಕಟ್ಟಿ ಯಾವ ಶಾಣ್ಯಾ ನಿಲ್ಲತಾನ್ರಿ? ನೀವ ನಿಂತೀರಿ, ನಾವು ಕೊಟ್ಟೇವಿ.”

ಈ ಸಲ ಶೈಲಶ್ರೀಗೂ ನಗು ಬಂತು. ನಗು ಇಳಿದ ಮೇಲೆ ಅವಳು ಸಭೆಯತ್ತ ತಿರುಗಿ, ಬೇರೆ ಕಡೆಯೂ ಹಣ ಕೊಟ್ಟವರು ಕೈ ಎತ್ತಿ ಎಂದಳು. ಯಾರನ್ನೂ ಬೈಯುವುದಿಲ್ಲ, ತಿಳಿಯಬೇಕಷ್ಟೆ. ಮೊದಲು ಎರಡು ಕೈ. ಆಮೇಲೆ ಅಕ್ಕಪಕ್ಕ ನೋಡಿ ಹತ್ತು. ಕೊನೆಗೆ ಅರ್ಧಕ್ಕಿಂತ ಹೆಚ್ಚು.

ಹೋದ ವರ್ಷದ ಆ ಮಕ್ಕಳು ಎಲ್ಲೂ ಮಾಯವಾಗಿರಲಿಲ್ಲ. ಬೇರೆ ಊರಿನ ಬೆಂಚುಗಳ ಮೇಲೆ ಕುಳಿತಿದ್ದರು. ಅಲ್ಲೂ ಯಾರೋ ಅವಳಂತೆಯೇ ನಲವತ್ತೋ ಐವತ್ತೋ ಎಂದು ನಂಬಿ ಹಾಲ್ ಹಿಡಿದು, ಇಲ್ಲಿಗೆ ಬಂದ ಮಕ್ಕಳಿಗಾಗಿ ಕಾದಿರಬೇಕು. ಪಾಲಕರ ತಪ್ಪೇನೂ ಇರಲಿಲ್ಲ. ಬೆಂಚಿನ ಬೆಲೆಯನ್ನು ಐನೂರು ಎಂದು ಹೇಳಿದವಳು ಅವಳೇ.

“ಶಾನವಾಜ ಸರ್, ಪಾವತಿ ಪುಸ್ತಕ ಒಳಗ ಇಡ್ರಿ. ಇವತ್ತು ಯಾರ ರೊಕ್ಕಾನೂ ಬ್ಯಾಡ.”

ಅವಳು ಬೋರ್ಡು ಒರೆಸಿದಳು. ಒಟ್ಟು ಶುಲ್ಕ ಬದಲಾಗಲಿಲ್ಲ. ಆದರೆ ಅದನ್ನು ಒಡೆದು ಹೊಸದಾಗಿ ಬರೆದಳು. ಪ್ರವೇಶಕ್ಕೆ ಆರು ಸಾವಿರ. ಉಳಿದ ನಲವತ್ತೆರಡು ಸಾವಿರವನ್ನು ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ ನಾಲ್ಕು ಸಾವಿರದ ಇನ್ನೂರು. ಅದಕ್ಕೆ ನಾಲ್ಕು ಕಂತು: ಜುಲೈಯಲ್ಲಿ ಎರಡು ತಿಂಗಳದ್ದು, ಹೆಸರುಕಾಳು ಮಾರಾಟವಾಗುವ ಸೆಪ್ಟೆಂಬರ್‌ನಲ್ಲಿ ಎರಡು ತಿಂಗಳದ್ದು, ಸೋಯಾ ಹಣ ಕೈಗೆ ಬಂದಿರುವ ನವೆಂಬರ್‌ನಲ್ಲಿ ಮೂರು ತಿಂಗಳದ್ದು, ಕಾರ್ಖಾನೆಯಿಂದ ಕಬ್ಬಿನ ಹಣ ಬರುವ ಫೆಬ್ರುವರಿಯಲ್ಲಿ ಉಳಿದ ಮೂರು ತಿಂಗಳದ್ದು.

“ಬರೂ ಸೋಮವಾರದಿಂದ ಶನಿವಾರದ ತನಕ ಡೆಮೊ. ಪುಕಟ. ಮಕ್ಕಳು ಬಂದು ಕುಂದರ್ಲಿ, ಮೂರೂ ವಿಷಯ ಕೇಳ್ಲಿ. ಮನಸ್ಸಿಗೆ ಬಂದ್ರ ಮುಂದಿನ ಭಾನುವಾರ ಆರು ಸಾವಿರ ತರ್ರಿ. ಅವತ್ತ ಪುಸ್ತಕ, ಟೆಸ್ಟ್ ಸಿರೀಸ್ ಎಲ್ಲಾ ಕೈಗೆ ಕೊಡತೇವಿ. ಆಮ್ಯಾಲ ಆ ಆರು ಸಾವಿರ ಮಾತ್ರ ತಿರುಗಿ ಬರೂದಿಲ್ಲ. ಕಂತಿನ ರೊಕ್ಕ ಹಂಗಲ್ಲ. ನಡುವ ಬಿಟ್ಟ್ರ, ಕುಂದರದ ತಿಂಗಳದ್ದು ಹತ್ತು ದಿನದಾಗ ನಿಮ್ಮ ಖಾತೆಗೆ. ಹದಿನೈದನೇ ತಾರೀಖಿನೊಳಗ ಬಿಟ್ಟ್ರ ಆ ತಿಂಗಳದ್ದೂ ಅರ್ಧ. ಯಾಕ ಬಿಟ್ರಿ ಅಂತ ನಾ ಕೇಳೂದಿಲ್ಲ.”

“ಒಮ್ಮೆಲೆ ಪೂರ್ತಿ ಕಟ್ಟಿದ್ರ?” ರಾಮದುರ್ಗದ ಒಬ್ಬರು ಕೇಳಿದರು.

“ಎರಡು ಸಾವಿರ ಸೂಟ್. ನಡುವ ಬಿಟ್ಟ್ರ ಅವರಿಗೂ ತಿಂಗಳ ಲೆಕ್ಕಾನ.”

ಈಗ ಚೌಕಾಶಿ ಶುರುವಾಯಿತು. ಆರು ಹೆಚ್ಚಾಯಿತು, ನಾಲ್ಕು ಮಾಡ್ರಿ. ಅಣ್ಣತಮ್ಮ ಇಬ್ಬರು ಬಂದರೆ ಎಷ್ಟು? ಶೈಲಶ್ರೀಗೆ ಒಳಗೊಳಗೇ ಸಮಾಧಾನವಾಯಿತು. ಜನ ಚೌಕಾಶಿ ಮಾಡಹತ್ತಿದರೆಂದರೆ ಕೊಳ್ಳುವ ವಿಚಾರ ಮಾಡುತ್ತಿದ್ದಾರೆ ಎಂದೇ ಅರ್ಥ.

ಕಿಟಕಿಯ ಪಕ್ಕದಿಂದ ಸೈದಾಬಿ ಮಾತಾಡಿದಳು. ಕಿತ್ತೂರಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ನಡೆಸುವವಳು ಅವಳು.

“ಬಾಯಾರ, ನಾವು ಬಿಟ್ಟ್ರ ಏನು ಅಂತ ಎಲ್ಲಾ ಬರದ್ರಿ. ನೀವು ಬಿಟ್ಟ್ರ?”

“ನಾವು ಬಿಡೂದಂದ್ರ?”

“ನಮ್ಮ ಮುಸ್ಕಾನ್ ಹೋದ ವರ್ಷ ಬ್ಯಾರೆ ಊರಾಗ ಕುಂತಿದ್ಳು. ದಸರಾ ಸೂಟಿಗೆ ಊರಿಗೆ ಹೋದ ಫಿಸಿಕ್ಸ್ ಸರ್ ಹೊಳ್ಳಿ ಬರ್ಲಿಲ್ಲ. ಮುಂದ ಮೂರು ತಿಂಗಳು ಹುಡುಗೂರಿಗೆ ವಿಡಿಯೋ ತೋರಿಸಿದ್ರು. ಕೇಳಿದ್ರ, ಕ್ಲಾಸ್ ನಡದೈತಲ್ಲ ಅಂದ್ರು. ಫೀ ನಾ ಪೂರ್ತಿ ಕಟ್ಟಿದ್ದೆ. ಸಂಚಕಾರ ಅಂದ್ರ ಎರಡೂ ಕಡೆ ಕಟ್ಟಬೇಕ್ರಿ.”

ನಿಜಗುಣಪ್ಪ ಬೆಂಚು ಬಡಿದ. “ಇದು ಮಾತು!”

ಶಾನವಾಜ ಶೈಲಶ್ರೀಯ ಮುಖ ನೋಡಿದ. ಅವಳು ಬೋರ್ಡಿಗೆ ತಿರುಗಿದಳು. ಎರಡು ಕಡೆಯೂ ಒಂದೇ ತೂಕ ಇಲ್ಲದಿದ್ದರೆ ತಕ್ಕಡಿ ನಿಲ್ಲುವುದಿಲ್ಲ. ಇದು ಅವಳು ಮಕ್ಕಳಿಗೆ ಪ್ರತಿ ವರ್ಷ ಕಲಿಸುವ ಪಾಠ. ಕೊನೆಯ ಸಾಲು ಬರೆದಳು: ಬ್ಯಾಚ್ ಶುರುವಾದ ಮೇಲೆ ಯಾವುದೇ ವಿಷಯಕ್ಕೆ ಹದಿನೈದು ದಿನ ಶಿಕ್ಷಕರಿಲ್ಲದೆ ಹೋದರೆ, ಇಲ್ಲವೇ ಬ್ಯಾಚ್ ಮುಚ್ಚಿದರೆ, ಪ್ರವೇಶ ಶುಲ್ಕದ ಎರಡರಷ್ಟು ಮತ್ತು ಉಳಿದ ತಿಂಗಳುಗಳ ಹಣ ಮರಳಿಸಲಾಗುವುದು.

“ಸೈದಾಬಿ ಅಕ್ಕಾರ, ನಡೀತೈತಿ?”

“ಬರದು ಸಹಿ ಮಾಡಿ ಕೊಡ್ರಿ, ನಡೀತೈತಿ.”

ಪಾಲಕರು ಇಳಿದು ಹೋದ ಮೇಲೆ ಶಾನವಾಜ ಬಾಗಿಲು ಹಾಕಿದ.

“ಮೂವತ್ತು ಮಂದಿಗೆ ಎರಡರಷ್ಟು ಅಂದ್ರ ಮೂರು ಲಕ್ಷದ ಅರವತ್ತು ಸಾವಿರ! ತಲಿಗಿಲಿ ಕೆಟ್ಟೈತೇನ್ರಿ ಮೇಡಂ?”

“ನಾವು ಮುರದ್ರ ಅಷ್ಟ ಸರ್ ಅದು.”

“ನಾವು ಮುರಿಯೂದಿಲ್ಲ. ಆದ್ರ ಬಯಾಲಜಿ…”

ಅವನು ಮಾತು ನಿಲ್ಲಿಸಿದ. ಪಕ್ಕದ ಕೋಣೆಯ ಬಾಗಿಲಲ್ಲಿ ಸ್ನೇಹಲ್ ನಿಂತಿದ್ದಳು. ಅಷ್ಟು ಹೊತ್ತೂ ಅಲ್ಲಿ ಡೆಮೊ ವಾರಕ್ಕೆ ಚಿತ್ರ ಬಿಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ನನ್ನ ಮ್ಯಾಲ ಸಂಚಕಾರ ಹಿಡದ್ರಿ, ಮೇಡಂ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನಗುವೂ ಇರಲಿಲ್ಲ. “ಹೇಳಿ ಬಿಡತೇನಿ. ಹುಬ್ಬಳ್ಳಿಯವ್ರಿಗೆ ನಾ ಹೂಂ ಅಂದೇನಿ. ಜುಲೈ ಒಂದಕ್ಕ ಬರತೇನಿ ಅಂತ. ಇಲ್ಲಿ ಆಗಲಿಲ್ಲ ಅಂದ್ರ ಕೈಯಾಗ ಒಂದು ಇರ್ಲಿ ಅಂತ.”

ಶಾನವಾಜ ಕುರ್ಚಿಯಲ್ಲಿ ಕುಸಿದ. “ಯಾ ಅಲ್ಲಾ. ನೀನೂ ಎರಡು ಬೆಂಚು ಹಿಡದೀ?”

ಶೈಲಶ್ರೀ ಸ್ನೇಹಲ್‌ಳನ್ನು ಬೈಯಲಿಲ್ಲ. ಬೈಯುವ ಸ್ಥಿತಿಯಲ್ಲಿ ತಾನಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಫೋನ್ ತೆಗೆದು, ಸ್ಪೀಕರ್ ಹಾಕಿ, ರಾಮದುರ್ಗದ ಸಚಿನನಿಗೆ ಹಚ್ಚಿದಳು. ಅವನೂ ಜೀವಶಾಸ್ತ್ರದವನು. ಎರಡು ವಾರದ ಹಿಂದೆ, ಸ್ನೇಹಲ್ ಹೋದರೆ ಇರಲಿ ಎಂದು, ‘ತಯಾರಿರ್ರಿ, ತಿಂಗಳ ಕೊನೆಗೆ ಹೇಳತೇನಿ’ ಎಂದು ಅವನನ್ನು ತಡೆದಿಟ್ಟಿದ್ದಳು. ಶಾನವಾಜನಿಗೂ ಹೇಳಿರಲಿಲ್ಲ.

“ಸಚಿನ ಸರ್, ನಿಮ್ಮನ್ನ ಕಾಯಸೂದು ಸರಿ ಅಲ್ಲ. ಬಯಾಲಜಿಗೆ ನಮ್ಮ ಕಡೆ ಸ್ನೇಹಲ್ ಮೇಡಂನ. ನೀವು ಬ್ಯಾರೆ ಕಡೆ ನೋಡಿಕೋಬಹುದು.”

ಅತ್ತ ಕಡೆ ಉಸಿರು ಬಿಟ್ಟ ಸದ್ದು. “ಚಲೋ ಆತ್ರಿ ಮೇಡಂ! ನಾನ ಹ್ಯಾಂಗ ಹೇಳೂದು ಅಂತ ಕುಂತಿದ್ದೆ. ಮನ್ನೆ ಸವದತ್ತಿಯಾಗ ಒಂದು ಕಾಲೇಜಿಗೆ ಹೂಂ ಅಂದೇನ್ರಿ.”

ಫೋನ್ ಇಟ್ಟ ಮೇಲೆ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ಸ್ನೇಹಲ್.

“ಅಂದ್ರ ನನ್ನ ಬದಲಿಗೂ ಒಬ್ಬರಿದ್ರು.”

“ಇದ್ರು. ಈಗ ಇಲ್ಲ,” ಎಂದಳು ಶೈಲಶ್ರೀ. “ನೀ ಹುಬ್ಬಳ್ಳಿ ಬಿಡು ಅಂತ ನಾ ಈಗ ಹೇಳೂದಿಲ್ಲ. ಮುಂದಿನ ಭಾನುವಾರ ಮೂವತ್ತು ಮಂದಿ ಆರು ಸಾವಿರ ಇಟ್ಟ್ರ, ನಿನ್ನ ಹತ್ತು ತಿಂಗಳ ಪಗಾರ ಬ್ಯಾರೆ ಖಾತೆಯಾಗ ಕೂಡತೈತಿ. ಒಂದೊಂದು ಕಂತು ಬಂದಂಗ ಮೊದಲು ನಿಂದು ತೆಗೆದಿಡೂದು. ಮೂವತ್ತು ಆಗಲಿಲ್ಲ ಅಂದ್ರ ಬ್ಯಾಚ್ ತೆರಿಯೂದಿಲ್ಲ, ಅದನ್ನೂ ನಿಯಮದ ಹಾಳ್ಯಾಗ ಬರೀತೇನಿ. ಪಾಲಕರ ರೊಕ್ಕ ಎಲ್ಲಾ ಅವತ್ತ ತಿರುಗಿ, ನೀ ಹುಬ್ಬಳ್ಳಿಗೆ. ಯಾರ ಕಡೆಯೂ ಅರ್ಧಮರ್ಧ ಬ್ಯಾಡ.”

ಡೆಮೊ ವಾರದಲ್ಲಿ ಹಾಲ್ ತುಂಬಿತು. ಗುರುವಾರದ ಹೊತ್ತಿಗೆ ಸ್ವಲ್ಪ ತೆಳ್ಳಗಾಯಿತು. ಶೈಲಶ್ರೀ ಅದನ್ನು ಕೆಟ್ಟ ಸುದ್ದಿ ಎಂದುಕೊಳ್ಳಲಿಲ್ಲ. ಹೋಗುವವರು ಈಗಲೇ ಹೋದರೆ ಲೆಕ್ಕ ಚೊಕ್ಕ. ಮಧು ಒಂದು ದಿನವೂ ತಪ್ಪಲಿಲ್ಲ. ಮುನವಳ್ಳಿಯಿಂದ ಇನ್ನೂ ನಾಲ್ವರ ಜೊತೆ ಮೊದಲ ಬಸ್ಸಿಗೆ ಬಂದು ಎರಡನೇ ಸಾಲಿನಲ್ಲಿ ಕೂರುತ್ತಿದ್ದಳು. ಸ್ನೇಹಲ್ ಹೃದಯದ ಕವಾಟಗಳನ್ನು ನವಿಲುತೀರ್ಥದ ಅಣೆಕಟ್ಟಿನ ಗೇಟುಗಳಿಗೆ ಹೋಲಿಸಿದಾಗ, ಗೇಟು ಹಿಂದಕ್ಕೆ ಸೋರಿದರೆ ಏನಾಗುತ್ತದೆ ಎಂದು ಕೇಳಿದವಳು ಅವಳೇ.

ಭಾನುವಾರ ಮೊದಲು ಬಂದವಳು ಸೈದಾಬಿ, ಮುಸ್ಕಾನ್ ಜೊತೆ. ನಿಯಮದ ಹಾಳೆಯನ್ನು ಮಗಳ ಕೈಯಿಂದ ಜೋರಾಗಿ ಓದಿಸಿದಳು. ಪಾಲುದಾರರಿಬ್ಬರ ಸಹಿ ನೋಡಿದಳು. ಆಮೇಲೆ ಹಣ ಇಟ್ಟಳು. ಊಟದ ಹೊತ್ತಿಗೆ ಇಪ್ಪತ್ತೇಳು ಪ್ರವೇಶಗಳಾಗಿದ್ದವು. ಆಮೇಲೆ ಮೆಟ್ಟಿಲಲ್ಲಿ ಹೆಜ್ಜೆ ಸದ್ದು ನಿಂತಿತು. ಶಾನವಾಜ ಎರಡು ಸಲ ಕಿಟಕಿಯಿಂದ ಬಗ್ಗಿ ರಸ್ತೆ ನೋಡಿದ. ಸ್ನೇಹಲ್ ಪುಸ್ತಕಗಳ ಕಟ್ಟು ಬಿಚ್ಚುತ್ತಿದ್ದಳು.

ಮೂರೂವರೆಗೆ ಕ್ರೂಸರ್ ಗಾಡಿಯೊಂದು ಕೆಳಗೆ ಬಂದು ನಿಂತಿತು. ಮುನವಳ್ಳಿಯ ಐವರು ಪಾಲಕರು, ಐದು ಮಕ್ಕಳು. ಎಲ್ಲರ ಮುಂದೆ ನಿಜಗುಣಪ್ಪ.

“ಬಾಯಾರ, ಧಾರವಾಡದವ್ರು ಸಂಚಕಾರ ಬಿಡವಲ್ರು. ಹೋತು, ಬಿಟ್ಟೆ. ಹುಡುಗಿಗೆ ಇಲ್ಲೇ ಬೇಕಂತ. ಆದ್ರ ಒಂದು ಮಾತು. ಆಗಸ್ಟ್‌ದಾಗೋ ಸೆಪ್ಟೆಂಬರ್‌ದಾಗೋ ಅಕಿಗೆ ಕೃಷಿ ಸೀಟು ಬಂದ್ರ ಹೋಗಾಕಿ. ಹೋದ್ರ ಆರು ಸಾವಿರದಾಗ ಅರ್ಧಾ ಕೊಡ್ರಿ. ಸೀಟು ಬಂದದ್ದು ಖುಷಿ ಮಾತಲ್ಲೇನು? ಈ ನಾಲ್ಕು ಮಂದಿದೂ ಇದ ಮಾತು. ಹೂಂ ಅನ್ರಿ, ಐದೂ ಈಗ ಕಟ್ಟತೇವಿ.”

ಇಪ್ಪತ್ತೇಳಕ್ಕೆ ಐದು ಕೂಡಿದರೆ ಎಷ್ಟು ಎಂಬುದು ಕೋಣೆಯಲ್ಲಿದ್ದ ಮೂವರು ಶಿಕ್ಷಕರಿಗೂ ಗೊತ್ತಿತ್ತು. ಶಾನವಾಜ ಅವಳತ್ತ ಸಣ್ಣಗೆ ತಲೆಯಾಡಿಸಿದ. ‘ಹೂಂ ಅನ್ನಿ’ ಎಂಬಂತೆ.

ಶೈಲಶ್ರೀ ಮೂರು ಸಾವಿರದ ಲೆಕ್ಕ ಮಾಡಲಿಲ್ಲ. ಅದು ಸಣ್ಣ ಮೊತ್ತ. ಐದು ಮಂದಿಗೆ ಕೊಟ್ಟರೂ ಬ್ಯಾಚ್ ಮುಳುಗುತ್ತಿರಲಿಲ್ಲ. ಆದರೆ ಬೆಳಿಗ್ಗೆ ಆ ಹಾಳೆಯನ್ನು ಓದಿಸಿ ಸಹಿ ನೋಡಿದ ಸೈದಾಬಿ ಇನ್ನೂ ಅಲ್ಲೇ ಕುಳಿತಿದ್ದಳು. ಒಂದು ಸಾಲು ಬಾಗಿದರೆ ಅದರ ಕೆಳಗಿನ ಸಾಲೂ ಬಾಗುತ್ತದೆ. ಆಗ ಈ ಇಪ್ಪತ್ತೇಳು ಕೂಡ ಹೋದ ವರ್ಷದ ನಲವತ್ತಾರರಂತೆಯೇ.

“ಇಲ್ಲ ಕಾಕಾ. ಸೀಟು ಬಂದ್ರ ಖುಷಿ, ಪೇಢಾ ತರ್ರಿ, ತಿಂತೇನಿ. ಕಂತಿನ್ಯಾಗ ಉಳಿದದ್ದು ಪೈ ಸಹಿತ ಕೊಡತೇನಿ. ಆರು ಸಾವಿರದಾಗ ಒಂದು ರೂಪಾಯಿ ಇಲ್ಲ.”

“ಐದು ಮಂದಿ ಹೊಳ್ಳಿ ಹೋಗತೇವಿ, ನೋಡ್ರಿ.”

“ನೀರು ಕುಡದ ಹೋಗ್ರಿ. ಬಿಸಲೈತಿ.”

ನಿಜಗುಣಪ್ಪ ಅವಳನ್ನು ಒಂದು ಕ್ಷಣ ದಿಟ್ಟಿಸಿದ. ದನದ ಪೇಟೆಯಲ್ಲಿ ಎಮ್ಮೆಯ ಹಲ್ಲು ನೋಡುವಾಗಿನ ನೋಟ ಅದು. “ನಡೀರಿ,” ಎಂದು ಉಳಿದವರಿಗೆ ಹೇಳಿ ಮೆಟ್ಟಿಲು ಇಳಿದ. ಪಾಲಕರೂ ಮಕ್ಕಳೂ ಹಿಂದೆ ಹೊರಟರು. ಮಧು ಮಾತ್ರ ಎರಡನೇ ಸಾಲಿನಲ್ಲಿ ಹೋಗಿ ಕುಳಿತಳು.

“ನೀ ಹೋಗೂದಿಲ್ಲೇನವಾ?” ಸ್ನೇಹಲ್ ಕೇಳಿದಳು.

“ಅಪ್ಪಾ ಚಾ ಕುಡದ ಬರತಾನ್ರಿ,” ಎಂದಳು ಹುಡುಗಿ. “ರೇಟು ಕುದರಿಸೂ ಮುಂದ ಒಮ್ಮೆ ಎದ್ದು ಹೋಗೂದು ಪದ್ಧತಿ ಅವಂದು.”

ಶಾನವಾಜ ಕಿಟಕಿಗೆ ಹೋಗಿ ನಿಂತ. ಎದುರಿನ ಚಹಾ ಅಂಗಡಿಯಲ್ಲಿ ಐವರೂ ಕೈ ಬೀಸಿ ವಾದಿಸುತ್ತಿದ್ದರು. ಅವರಲ್ಲೊಬ್ಬ ತನ್ನ ಮಗನನ್ನು ಕರೆದುಕೊಂಡು ಧಾರವಾಡದ ಬಸ್ಸಿನ ಕಡೆ ನಡೆದ. ಶಾನವಾಜ ಬೆರಳು ಒಂದನ್ನು ಮಡಚಿದ ಅಷ್ಟೆ. ಶೈಲಶ್ರೀ ಕುರ್ಚಿಯಿಂದ ಏಳದೆ ಮುಸ್ಕಾನ್‌ಳ ಪುಸ್ತಕಕ್ಕೆ ಹೆಸರಿನ ಚೀಟಿ ಅಂಟಿಸುತ್ತಿದ್ದಳು. ಚೀಟಿ ನೇರವಾಗಿ ಕೂರಲಿಲ್ಲ. ಕಿತ್ತು ಮತ್ತೆ ಅಂಟಿಸಿದಳು.

ನಾಲ್ಕು ಜೋಡಿ ಚಪ್ಪಲಿಗಳು ಮೆಟ್ಟಿಲು ಹತ್ತಿ ಬಂದವು.

“ತೊಗೋರಿ,” ಎಂದು ನಿಜಗುಣಪ್ಪ ನೋಟುಗಳನ್ನು ಟೇಬಲ್ ಮೇಲಿಟ್ಟ. “ಜಗ್ಗಿ ನೋಡಿದೆ. ನನಗ ಬಗ್ಗಿದ್ರ ನಾಳೆ ಮತ್ತೊಬ್ಬನಿಗೂ ಬಗ್ಗತಿದ್ರಿ. ಆಮ್ಯಾಲ ಎರಡರಷ್ಟು ಅನ್ನೂ ಮಾತೂ ಸಡ್ಲ ಆಕ್ಕಿತ್ತು.”

“ಚಾದ ಅಂಗಡ್ಯಾಗ ಇದನ್ನ ಹೇಳಿದ್ರೇನು?” ಸೈದಾಬಿ ಕಿಟಕಿಯ ಬದಿಯಿಂದ ಕೇಳಿದಳು.

“ಅಲ್ಲಿ ನಿಮ್ಮ ಬಾಯಾರ ಭಾಳ ಹಟಮಾರಿ ಅಂದೆ,” ಎಂದ ನಿಜಗುಣಪ್ಪ. “ಹಾಳಿ ಕೊಡ್ರಿ, ನಮ್ಮ ಮಧು ಓದ್ಲಿ. ನನ್ನ ಚಸ್ಮಾ ಗಾಡ್ಯಾಗ ಐತಿ.”

ನಾಲ್ಕೂ ಪಾವತಿ ಚೀಟಿ ಹರಿದು ಕೊಟ್ಟ ಮೇಲೆ ಶಾನವಾಜ ಎಣಿಕೆಯನ್ನು ಬಾಯಿಬಿಟ್ಟು ಹೇಳಬೇಕಾಗಿ ಬರಲಿಲ್ಲ. ಸ್ನೇಹಲ್ ಫೋನ್ ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು. “ಇಲ್ರಿ ಸರ್, ಬೇಜಾರಾಗಬ್ಯಾಡ್ರಿ… ಹೌದ್ರಿ, ಹೇಳಿದ್ದೆ… ಇನ್ನೂ ಎಂಟು ದಿನ ಅದಾವಲ್ರಿ, ನಿಮಗ ಮತ್ತೊಬ್ಬರು ಸಿಗತಾರ… ಇಲ್ರಿ, ಪಗಾರದ ಮಾತಲ್ಲ.” ಹೊರಗೆ ಬಂದು, ಬೋರ್ಡಿನ ಮೂಲೆಯಲ್ಲಿ ಸೋಮವಾರದ ಪಾಠದ ಹೆಸರು ಬರೆದಳು.

ಮಧುಗೆ ಸೀಟು ಬಂದದ್ದು ಸೆಪ್ಟೆಂಬರ್‌ನ ಎರಡನೇ ವಾರದಲ್ಲಿ. ಎರಡನೇ ಕಂತು ಕಟ್ಟಿ ಹತ್ತು ದಿನ ಆಗಿರಲಿಲ್ಲ. ಹದಿನಾಲ್ಕನೇ ತಾರೀಖಿಗೆ ಬಂದು ಎಲ್ಲರಿಗೂ ಪೇಢಾ ಕೊಟ್ಟು, ಸ್ನೇಹಲ್‌ಳ ಮುಂದೆ ಸ್ವಲ್ಪ ಅತ್ತು ಹೋದಳು. ಸೆಪ್ಟೆಂಬರ್‌ನ ಅರ್ಧ, ಅಕ್ಟೋಬರ್ ಪೂರ್ತಿ. ಆರು ಸಾವಿರದ ಮುನ್ನೂರು ರೂಪಾಯಿ. ಶೈಲಶ್ರೀ ಅದನ್ನು ಆ ಸಂಜೆಯೇ ನಿಜಗುಣಪ್ಪನ ಖಾತೆಗೆ ಹಾಕಿದಳು. ಅದೇ ವಾರ ಇನ್ನೊಬ್ಬ ಹುಡುಗ ನರ್ಸಿಂಗ್‌ಗೆ ಹೋದ. ಅವನಿಗೂ ಅದೇ ಲೆಕ್ಕ. ಉಳಿದವರು ಇಪ್ಪತ್ತೊಂಬತ್ತು. ಇಪ್ಪತ್ತೆಂಟರ ಗೆರೆ ಇನ್ನೂ ಕೆಳಗಿತ್ತು.

ಮುಂದಿನ ವಾರ ನಿಜಗುಣಪ್ಪನ ಫೋನು ಬಂತು. ಹಿಂದೆ ದನಗಳ ಕೂಗು, ಜನರ ಗದ್ದಲ.

“ಬಾಯಾರ, ರೊಕ್ಕ ಬಂತು. ಹತ್ತು ದಿನ ಅಂದಿದ್ರಿ, ಒಂದ ದಿನಕ್ಕ ಬಂತು. ಇಲ್ಲಿ ಪ್ಯಾಟ್ಯಾಗ ಎಲ್ಲಾರಿಗೂ ಫೋನ್ ತೋರಿಸಿದೆ. ಯಾರೂ ನಂಬವಲ್ರು. ಧಾರವಾಡದವ್ರಿಂದ ಒಂದು ಪೈ ಬಂದಿಲ್ಲ ನೋಡ್ರಿ.”

“ಮಧು ಹ್ಯಾಂಗದಾಳ ಕಾಕಾ?”

“ಹಾಸ್ಟೆಲ್ ಊಟ ಸೇರವಲ್ದಂತ. ಅದಿರ್ಲಿ. ನಮ್ಮ ತಮ್ಮನ ಮಗಾ ಈ ವರ್ಷ ಸೆಕೆಂಡ್ ಪಿಯುಸಿ. ಮುಂದಿನ ವರ್ಷಕ್ಕ ಅವನ ಸಂಚಕಾರ ಈಗ ಕಳಸತೇನಿ, ಹಿಡೀರಿ.”

“ಬ್ಯಾಡ್ರಿ ಕಾಕಾ. ಅಂವ ಮೊದಲ ಪಾಸಾಗ್ಲಿ. ಜೂನ್‌ದಾಗ ಡೆಮೊಕ್ಕ ಕುಂದರ್ಲಿ. ಆಮ್ಯಾಲ ತರ್ರಿ.”

“ಅಲ್ರೀ, ನಾನ ಕೊಡತೇನಿ ಅಂದ್ರೂ ಬ್ಯಾಡೇನು?”

“ಬ್ಯಾಡ. ಮತ್ತ, ಒಂದ ಕಡೆ ಅಷ್ಟ ಕೊಡ್ರಿ ಆವಾಗ.”

ಅತ್ತ ಕಡೆ ನಿಜಗುಣಪ್ಪ ಯಾರಿಗೋ ದೊಡ್ಡ ದನಿಯಲ್ಲಿ ಹೇಳುತ್ತಿದ್ದ: “ಕೇಳಿದೇನೋ? ಕೊಡತೇನಿ ಅಂದ್ರ ಬ್ಯಾಡ ಅಂತಾರಪಾ.” ಶೈಲಶ್ರೀ ಫೋನ್ ಇಟ್ಟು, ಪಾಠಕ್ಕೆ ಹೊತ್ತಾಯಿತೆಂದು ಎದ್ದಳು. ಎರಡನೇ ಸಾಲಿನ ಖಾಲಿ ಜಾಗಕ್ಕೆ ಮುಸ್ಕಾನ್ ಆಗಲೇ ಬಂದು ಕುಳಿತಿದ್ದಳು.